ಪಾಯಸಕ್ಕೆ ಬಿದ್ದ ಡೊಳ್ಳಿನ ಕೋಲು

ನದಿಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ ಮಂಜಿಷ್ಠಪುರ ಎಂಬ ರಾಜ್ಯವಿತ್ತು. ಅಲ್ಲಿ ಕೊಕ್ಕರೆಗಳು ಸುದ್ದಿ ಹೊರುತ್ತಿದ್ದವು. ಮಂತ್ರವಾದಿ ಗುಳುಂಕರಾಯ ಸತ್ತವರ ಹೆಸರು ತಿಂದು ಬದುಕುತ್ತಿದ್ದ. ಯಾವ ಮನೆಯಲ್ಲಿ ಸತ್ತವರ ಹೆಸರೆತ್ತಲು ಹೆದರುತ್ತಾರೋ, ಆ ಹೆಸರು ಅವನ ಹೊಟ್ಟೆಗೆ. ಅವನ ಹೊಟ್ಟೆ ಆಗಲೇ ಯಾವ ಬಾಗಿಲಲ್ಲೂ ಹಿಡಿಸುತ್ತಿರಲಿಲ್ಲ.

ಡೊಳ್ಳಿನ ಗಿರಿಮಲ್ಲ ತೀರಿಕೊಂಡ ಮೇಲೆ ಮಗಳು ಸಿಂಗಾರಿಯ ಮದುವೆ ಬಂತು. "ಪಾಪ, ನೆನಪಿಸಬೇಡಿ" ಎಂದು ನೆಂಟರೆಲ್ಲ ಅವನ ಸುದ್ದಿಯನ್ನೇ ನುಂಗಿಕೊಂಡರು. ಗುಳುಂಕರಾಯ ಆ ಹೆಸರು ತಿಂದು ಬಾಯಿ ಚಪ್ಪರಿಸಿದ. ಹಸೆಗೆ ಏಳಬೇಕಾದ ಹುಡುಗಿಯ ಪಾದ ಕಲ್ಲಾಯಿತು. ಧಾರೆಯ ಹೊತ್ತಿಗೆ ಮೈಯೆಲ್ಲ ಕಲ್ಲಾಗುವುದೆಂದು ಮಂತ್ರವಾದಿ ಸಾರಿದ, ಅವಳ ಕೋಣೆಗೆ ಎರಡು ತಲೆಯ ಹುಲಿಯನ್ನು ಕಾವಲಿಟ್ಟ.

ಗೆಳತಿ ಚಂದ್ರಿ ಕೊಕ್ಕರೆಯನ್ನು ಕರೆದಳು. "ಕಿಟಕೀಲಿ ಹೋಗಿ ಹೇಳು, ನಿನ್ನಪ್ಪ ಮೇಲಿಂದ ನೋಡ್ತಿದಾರೆ ಅಂತ."

ಕೊಕ್ಕರೆ ಹೋಯಿತು, ಬಂತು. "ಹೇಳಿದೆ. ಕತ್ತೆತ್ತಿ ಮೇಲೆ ನೋಡಿದಳು. ಕತ್ತು ಹಾಗೇ ಕಲ್ಲಾಯ್ತು. ಈಗ ಹಲ್ಲಿಗಳನ್ನು ನೋಡ್ತಾ ಕೂತಿದಾಳೆ."

"ಹಾಗಾದ್ರೆ, ಶುಭದಿನ ಅಳಬೇಡ, ಗಟ್ಟಿಯಾಗಿರು ಅನ್ನು."

ಕೊಕ್ಕರೆ ಹೋಯಿತು, ಬಂತು. "ಗಟ್ಟಿಯಾದಳು. ಸೊಂಟದವರೆಗೂ."

ಚಂದ್ರಿ ತಲೆಮೇಲೆ ಕೈಹೊತ್ತು ಕುಳಿತಳು. ಕೊಕ್ಕರೆ ಕೇಳಿತು, "ಆ ಅಪ್ಪ ಹೆಂಗಿದ್ದ ಮನುಷ್ಯ?"

ಚಂದ್ರಿಗೆ ನಗು ಬಂತು. "ನಮ್ಮಕ್ಕನ ಮದುವೇಲಿ ಕುಣೀತಾ ಬಾರಿಸ್ತಾ ಕೋಲು ಹಾರಿ ಪಾಯಸದ ಕೊಪ್ಪರಿಗೆಗೆ ಬಿತ್ತು. ತೆಗೆದು ನೆಕ್ಕಿ, ಏಲಕ್ಕಿ ಕಮ್ಮಿ ಅಂದು ಮತ್ತೆ ಬಾರಿಸಿದ್ರು."

"ಇದನ್ನ ಯಾಕೆ ಹೇಳಿ ಕಳಿಸಲಿಲ್ಲ?"

"ನೆನಪಾಗಿ ಅತ್ತುಬಿಡ್ತಾಳೆ ಅಂತ."

"ಮರೆತಿದ್ದರೆ ತಾನೆ ನೆನಪಾಗೋದು?"

ಚಂದ್ರಿ ಮೂರನೆಯ ಸಲ ಹೇಳಿಕಳಿಸಿದಳು: "ಸಿಂಗಾರಿ, ಇವತ್ತು ಗಿರಿಮಲ್ಲಪ್ಪ ತುಂಬಾ ನೆನಪಾಗ್ತಿದಾರೆ ಕಣೇ." ಕೋಲಿನ ಕತೆ ಪೂರ್ತಿ ಹೇಳಿದಳು. "ನಿಮ್ಮ ಸೋದರಮಾವ ಧಾರೆ ಎರೆಯುವಾಗ, ಇದು ಅಪ್ಪನ ಕೈಯಲ್ಲ ಅನ್ನಿಸುತ್ತೆ. ಅನ್ನಿಸಲಿ. ನಾನು ಚಪ್ಪರದ ಬಲಗಡೆ ಕಂಬದ ಹತ್ತಿರ ನಿಂತಿರ್ತೀನಿ. ಅಳು ಬಂದರೆ ನನ್ನ ಕಡೆ ನೋಡು. ಇದಕ್ಕೆ ಉತ್ತರ ಕಳಿಸಬೇಕಾಗಿಲ್ಲ."

ಕೋಣೆಯೊಳಗೆ ಮೊದಲು ಅಳು, ಆಮೇಲೆ ನಗು. "ಅಯ್ಯೋ, ನಮ್ಮಪ್ಪ ಗಿರಿಮಲ್ಲ" ಎಂದಳು ಸಿಂಗಾರಿ, ಕತ್ತು ಸಡಿಲವಾಯಿತು. "ಗಿರಿಮಲ್ಲನ ಗೊರಕೇನೂ ಡೊಳ್ಳೇ" ಎಂದಳು ಬಾಗಿಲಾಚೆಯಿಂದ ತಾಯಿ, ಮಗಳ ಸೊಂಟ ಬಾಗಿತು. "ಆ ಪಾಯಸ ನಂದೇ. ಗಿರಿಮಲ್ಲ ಹೇಳಿದ್ದು ಸುಳ್ಳು, ಏಲಕ್ಕಿ ಸರಿಯಾಗಿತ್ತು" ಎಂದ ಅಂಗಳದಿಂದ ಅಡುಗೆಯವನು, ಅವಳ ಪಾದ ನೆಲ ಬಿಟ್ಟಿತು. ಹುಲಿಯ ಒಂದು ತಲೆ ಅಳುತ್ತಿದ್ದರೆ ಇನ್ನೊಂದು ಅದರ ಕಣ್ಣು ನೆಕ್ಕಿತು.

ಗುಳುಂಕರಾಯನಿಗೆ ಬಿಕ್ಕಳಿಕೆ ಹತ್ತಿತು. ಒಂದೊಂದು ಬಿಕ್ಕಿಗೂ ಒಂದೊಂದು ಹೆಸರು ಹೊರಬಂದು ತನ್ನ ತನ್ನ ಮನೆಗೆ ಓಡಿತು. ಕೊನೆಗೆ ಮಂತ್ರವಾದಿ ಮೀನುಮರಿಯಷ್ಟಾದ. ಕೊಕ್ಕರೆ ಬಿಟ್ಟೀತೆ?

ಧಾರೆಯ ಹೊತ್ತಿಗೆ ಸೋದರಮಾವ ಗಿಂಡಿ ಎತ್ತಿದ. ಸಿಂಗಾರಿಗೆ ಅಳು ಬಂತು. ಬಲಗಡೆ ಕಂಬದತ್ತ ನೋಡಿದಳು. ಅಲ್ಲಿ ಚಂದ್ರಿ ಅವಳಿಗಿಂತ ಜೋರಾಗಿ ಅಳುತ್ತ, ಸೆರಗೆಂದು ಪುರೋಹಿತರ ಶಲ್ಯದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ಮದುಮಗಳು ನಗುನಗುತ್ತಲೇ ಧಾರೆಗೆ ಕೈಯೊಡ್ಡಿದಳು.

ಎಲ್ಲರೂ ಸುಖವಾಗಿದ್ದರು. ಆ ರಾಜ್ಯದ ಮದುವೆಗಳಲ್ಲಿ ಈಗಲೂ ಪಾಯಸವನ್ನು ಡೊಳ್ಳಿನ ಕೋಲಿನಲ್ಲೇ ತಿರುವುತ್ತಾರೆ. ಸುಳ್ಳು ಅನ್ನುವವರು ಆ ಕೊಕ್ಕರೆಯನ್ನೇ ಕೇಳಲಿ. ಮಂತ್ರವಾದಿಗೆ ಉಪ್ಪು ಕಮ್ಮಿಯಾಗಿತ್ತು ಎಂದು ಅದು ಇನ್ನೂ ಗೊಣಗುತ್ತಿದೆ.