ಹನ್ನೆರಡು ಷರಾಯಿ, ಒಂದು ಕತ್ತೆ, ಒಂದು ಪ್ರಾಸ

“ಬೆನ್ನ ಮೇಲೆ ನೀಲಿ ಮೂಟೆ...” ಎಂದು ಅಂಜಿನಿ ಕೂಗಿದಳು.

“ಇದೆ” ಎಂದು ಬೀದಿಯ ಮಕ್ಕಳೆಲ್ಲ ಅವಳಿಗಿಂತ ಮೊದಲೇ ಅರಚಿದರು.

“ಎಡಗಿವಿಯಲ್ಲಿ ದೊಡ್ಡ ತೂತು...”

“ಇದೆ.”

ಹಿಂದೆ ಬರುತ್ತಿದ್ದ ಸಂಜೀವಪ್ಪ ತಾತ ಸೀಮೆಎಣ್ಣೆ ಡಬ್ಬವನ್ನು ಢಣಢಣ ಬಡಿದರು. ಮಕ್ಕಳಿಗೆ ಇನ್ನಷ್ಟು ಹುರುಪು ಬಂತು. ಈಗ ಅವರು ಅಂಜಿನಿ ಬಾಯಿ ತೆರೆಯುವ ಮೊದಲೇ “ಇದೆ, ಇದೆ, ಇದೆ” ಎಂದು ಕುಣಿಯತೊಡಗಿದರು. ಎಲ್ಲರಿಗಿಂತ ಜೋರಾಗಿ ಅರಚುತ್ತಿದ್ದವಳು ಎರಡು ಜಡೆಯ ಗುಲ್ಷನ್. ಸೌದೆ ಡಿಪೋ ಇಟ್ಟಿದ್ದ ಹಬೀಬ್ ಸಾಬರ ಮಗಳು. ಅವಳ ಗಂಟಲು ಕೇಳಿದರೆ ಮಿಲಿಟರಿ ಲಾರಿಯೂ ದಾರಿ ಬಿಡಬೇಕು.

ಬಾಗಿಲಲ್ಲಿ ನಿಂತಿದ್ದ ಗೋವಿಂದಮ್ಮನನ್ನು ತಾತ ಕೇಳಿದರು, “ತಾಯೀ, ನಾವು ಸಾರಿದ್ದು ಕೇಳಿಸ್ತಾ?”

“ಕೇಳಿಸ್ತಪ್ಪ. ಏನೋ ಇದೆ ಅಂತಲ್ವಾ? ಇದ್ರೆ ಇರ್ಲಿ ಬಿಡಿ” ಎಂದು ಆಕೆ ಒಳಗೆ ಹೋದರು.

ಅಂಜಿನಿಗೆ ಅಳು ಬಂತು. ಆಗ ಎರಡನೇ ಮಹಾಯುದ್ಧದ ಕಾಲ. ಬೆಂಗಳೂರಿನ ಈಗಿನ ಶಿವಾಜಿನಗರವನ್ನು ಜನ ಬ್ಲಾಕ್‌ಪಲ್ಲಿ ಎನ್ನುತ್ತಿದ್ದರು. ಹಲಸೂರು ಕೆರೆಯಲ್ಲಿ ಬಟ್ಟೆ ಒಗೆಯುವ ತಾತ, ಮೊಮ್ಮಗಳು ಬೆಳಗಿನಿಂದ ಅದರ ಬೀದಿ ಬೀದಿ ಅಲೆದಿದ್ದರು. ಕಳೆದುಹೋದದ್ದು ಅವರ ಕತ್ತೆ. ಬರೀ ಕತ್ತೆಯಾಗಿದ್ದರೆ ಅದು ಹೊಟ್ಟೆ ಹಸಿದಾಗ ತಾನೇ ಬರುತ್ತಿತ್ತೇನೋ. ಅದರ ಬೆನ್ನ ಮೇಲಿನ ಗಂಟಿನಲ್ಲಿ ವಾಜಿದ್ ಸಾಬರ ಮದುವೆ ಬ್ಯಾಂಡಿನ ಹನ್ನೆರಡು ಷರಾಯಿಗಳಿದ್ದವು. ಮದುವೆ ನಾಳೆ.

ತಪ್ಪು ಅಂಜಿನಿಯದೇ. ನಿನ್ನೆ ಕತ್ತೆಯನ್ನು ಗೂಟಕ್ಕೆ ಕಟ್ಟು ಎಂದು ತಾತ ಹೇಳಿದ್ದರು. ಅವಳು ಕತ್ತೆಗೆ ಕಟ್ಟದ ಹಗ್ಗ ಕೈಯಲ್ಲಿ ಹಿಡಿದು, ಕೆರೆಯ ಮೇಲೆ ಪದ್ಯ ಕಟ್ಟುತ್ತಾ ನಿಂತಳು. ‘ಕೊಕ್ಕರೆ ಹಾರುತ್ತದೆ, ಮೀನು ಈಜುತ್ತದೆ, ಮೋಡ ತೇಲುತ್ತದೆ’. ಪದ್ಯ ಸರಾಗವಾಗಿ ಬರುತ್ತಲೇ ಇತ್ತು. ಕತ್ತೆಯೂ ಸರಾಗವಾಗಿ ಹೋಗುತ್ತಲೇ ಇತ್ತು. ತಾತ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕೊನೆಗೆ ಇಬ್ಬರೂ ಕಾಲೆಳೆಯುತ್ತಾ ವಾಜಿದ್ ಸಾಬರ ಮನೆ ಮುಂದೆ ನಿಂತರು. ಜಗಲಿಯ ಮೇಲೆ ಹನ್ನೆರಡು ಮಂದಿ ಸಾಲಾಗಿ ಕುಳಿತು ಮದುವೆಯ ರಾಗ ನುಡಿಸುತ್ತಿದ್ದರು. ಮೇಲೆ ಚಿನ್ನದ ಬಣ್ಣದ ಗುಂಡಿಯ ಕೆಂಪು ಕೋಟು, ತಲೆಗೆ ಜುಟ್ಟಿನ ಟೋಪಿ, ಕೆಳಗೆ ಚೌಕಳಿ ಲುಂಗಿ. ಡೋಲಿನವನು ಲುಂಗಿಯೂ ಸಿಗದೆ ಸಾಬರ ಬೀಬಿಯ ಹಳೆ ಬಾಗಿಲ ಪರದೆ ಸುತ್ತಿಕೊಂಡಿದ್ದ.

ಅವರ ಎದುರು ಶೇರ್ವಾನಿಯಲ್ಲಿ ಕುಳಿತಿದ್ದ ವಾಜಿದ್ ಸಾಬರು ಕ್ಲಾರಿನೆಟ್ ಕೆಳಗಿಟ್ಟರು. “ಬೇಟಿ, ನಿನ್ ಡಂಗುರ ಇಲ್ಲೀವರ್ಗೂ ಕೇಳಿಸ್ತು. ಏನು ಹೇಳ್ದೆ ಅಂತ ಮಾತ್ರ ಗೊತ್ತಾಗ್ಲಿಲ್ಲ.”

“ಚೆನ್ನಾಗೇ ಪ್ರಾಸ ಕಟ್ಟಿದ್ದೆ ಸಾಬ್ರೇ. ಎಲ್ಲಾ ಸಾಲೂ ‘ಇದೆ’ ಅಂತಾನೇ ಮುಗಿಯುತ್ತೆ.”

“ಕಷ್ಟ ಆಯ್ತಾ ಕಟ್ಟೋದು?”

“ಇಲ್ಲ. ತಾನಾಗೇ ಬಂತು.”

“ತಾನಾಗೇ ಬರೋದು ನೆಗಡಿ” ಎಂದರು ಸಾಬರು.

ಅವರಿಗೆ ಪ್ಯಾಂಟು ಹೋದ ದುಃಖ ಒಂದು ಕಡೆ, ಪ್ರಾಸ ಕೆಟ್ಟ ದುಃಖ ಇನ್ನೊಂದು ಕಡೆ. ಎರಡನೆಯದೇ ಹೆಚ್ಚಾಗಿ ಕಾಣುತ್ತಿತ್ತು. ಎಲ್ಲಿ ಉರ್ದು ಕವಿಗಳ ಮುಷಾಯರಾ ನಡೆದರೂ ಮುಂದಿನ ಸಾಲಿನಲ್ಲಿ ಕೂತು ಕವಿತೆ ಕೇಳುವ ಮನುಷ್ಯ ಅವರು.

“ಖಡೇ ಹೋ ಜಾವ್” ಎಂದು ಬ್ಯಾಂಡಿನವರನ್ನು ಎಬ್ಬಿಸಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. “ಇವರಲ್ಲಿ ಅಣ್ಣ ತಮ್ಮ ಯಾರು, ಹೇಳು.”

ಅಂಜಿನಿ ಹನ್ನೆರಡು ಕೆಂಪು ಬೆನ್ನುಗಳನ್ನು ನೋಡಿದಳು. “ಎಲ್ಲಾ ಒಂದೇ ತರ ಇದಾರೆ.”

“ಕೋಟು, ಟೋಪಿ ತೆಗೆದು ಈ ಕಡೆ ತಿರುಗ್ರಿ.”

ಅವರು ತಿರುಗಿದರು. ಒಬ್ಬ ಕಡ್ಡಿ, ಒಬ್ಬ ಡೊಳ್ಳು, ಒಬ್ಬ ಬೋಳು. ತುತ್ತೂರಿಯವನಿಗೂ ತಾಳದವನಿಗೂ ಮಾತ್ರ ಒಂದೇ ಅಚ್ಚಿನ ಗಿಣಿಮೂಗು.

“ಈ ಇಬ್ರು” ಎಂದಳು ಅಂಜಿನಿ.

“ಹಾಂ. ಕೋಟು ಒಂದೇ ಆದ್ರೆ ನಂಟರಾಗಲ್ಲ, ಮೂಗು ಸೇರ್ಬೇಕು. ಈಗ ನಿನ್ನ ಸಾಲುಗಳ ಕೋಟು ತೆಗಿ. ‘ಇದೆ’ ಅನ್ನೋದನ್ನ ಬಿಚ್ಚಿಬಿಡು. ಏನುಳೀತು?”

ಅಂಜಿನಿ ಬೆರಳು ಮಡಿಸಿದಳು. ಮೊದಲ ಸಾಲು ಕತ್ತೆ ಎಲ್ಲೋ ಓಡಿದೆ, ಆಮೇಲೆ ಮೂಟೆ ಇದೆ, ತೂತು ಇದೆ. ‘ಇದೆ’ ಬಿಚ್ಚಿದರೆ ಉಳಿದದ್ದು ಓಡಿ, ಮೂಟೆ, ತೂತು. ಒಂದರ ಮೂಗು ಇನ್ನೊಂದಕ್ಕಿಲ್ಲ. “ಇವಕ್ಕೆ ನಂಟೇ ಇಲ್ಲ ಸಾಬ್ರೇ.”

“ಓಡಿದೆ, ಹಾಡಿದೆ ಅಂದಿದ್ರೆ?”

“ಓಡಿ, ಹಾಡಿ. ಅದು ಸೇರುತ್ತೆ.”

“ನೋಡ್ದಾ. ಮುಷಾಯರಾದಲ್ಲಿ ಕೊನೇಲಿ ಮತ್ತೆ ಮತ್ತೆ ಬರೋ ಮಾತಿಗೆ ರದೀಫ್ ಅಂತೀವಿ. ಅದು ಎಲ್ರಿಗೂ ಗೊತ್ತು, ಜನಾನೂ ಜೊತೇಲಿ ಹೇಳ್ತಾರೆ. ಅದಕ್ಕೆ ಮುಂಚೇನೇ ಕಾಫಿಯಾ ಇರುತ್ತೆ, ಸೇರೋ ಮೂಗಿನ ಮಾತು. ಪ್ರತಿ ಸಲ ಹೊಸದು. ಜನ ಉಸಿರು ಹಿಡಿಯೋದು ಅದಕ್ಕೆ. ನೀನು ಬರೀ ಬಾಲ ತಂದೆ. ಕತ್ತೆ ಎಲ್ಲಿ?”

“ಅದನ್ನೇ ಹುಡುಕ್ತಾ ಇದೀವಿ” ಎಂದರು ತಾತ.

ತಾತ ಅಷ್ಟು ಹೊತ್ತು ಡಬ್ಬದ ಮೇಲೆ ಕುಳಿತು ಯೋಚಿಸುತ್ತಿದ್ದರು. ಈಗ ಅಂಜಿನಿಯ ಕಡೆ ತಿರುಗಿ, “ಮಗಾ, ನಮ್ ಮಾತಲ್ಲಿ ಮಾಡ್ತು, ನೋಡ್ತು, ಹೋಗಿದೆ, ಬಂದಿದೆ ಎಲ್ಲಾ ಕೊನೇಲಿ ಬಂದು ಕುಂತ್ಕೊಳುತ್ವೆ. ಅದಕ್ಕೇ ಎಲ್ಲಾ ಸಾಲಿಗೂ ಅದೇ ಕೋಟು. ನಿಮ್ಮಜ್ಜಿ ಸೋಬಾನೆ ಹೇಳುವಾಗ ಆ ಮಾತನ್ನ ಎತ್ತಿ ಮುಂದಕ್ಕೆ ಹಾಕ್ಬಿಡೋಳು. ಕೊನೇಲಿ ಹೂವೋ ಹಣ್ಣೋ ಬಂದು ನಿಲ್ಲೋದು” ಎಂದರು.

ಅಂಜಿನಿ ಕಣ್ಣು ಮುಚ್ಚಿದಳು. ನಮ್ಮ ಕತ್ತೆ ಕಳೆದುಹೋಗಿದೆ. ‘ಹೋಗಿದೆ’ಯನ್ನು ಎತ್ತಿ ಮುಂದೆ ಹಾಕಿದಳು. “ಕಳೆದುಹೋಗಿದೆ ನಮ್ಮ ಕತ್ತೆ.”

“ಅತ್ತೆ” ಎಂದ ಡೋಲಿನವನು ಥಟ್ಟನೆ.

“ನಿನಗೇ ಹೊಳೆದದ್ದು ಬೀದಿ ಮಕ್ಕಳಿಗೆ ಹೊಳೆಯಲ್ವಾ?” ಎಂದು ಸಾಬರು ಅವನನ್ನು ಗದರಿದರು. “ಎಲ್ರಿಗೂ ಮೊದಲೇ ಹೊಳೆಯೋದನ್ನ ಜೋಡಿ ಮಾಡ್ಬೇಡ ಬೇಟಿ. ಹೊಸ ಸುದ್ದಿ ತರೋ ಮಾತು ಹುಡುಕು.”

ಅಂಜಿನಿ ‘ಕ’ವನ್ನು ಕಿತ್ತು, ಆ ಜಾಗದಲ್ಲಿ ಒಂದೊಂದೇ ಅಕ್ಷರ ಇಟ್ಟು ನೋಡಿದಳು. ಗತ್ತೆ, ಚತ್ತೆ, ತತ್ತೆ. ಯಾವುದಕ್ಕೂ ಅರ್ಥವಿಲ್ಲ. ನತ್ತೆ, ಪತ್ತೆ. ಪತ್ತೆ! ಅವಳು ನಿಂತಲ್ಲೇ ಒಮ್ಮೆ ಎಗರಿದಳು. ಇಷ್ಟು ದಿನ ಪದ್ಯ ಕಟ್ಟಿದ್ದರೂ ಅವಳಿಗೆ ಹೀಗೆ ಎಂದೂ ಆಗಿರಲಿಲ್ಲ.

ಉಳಿದ ಸಾಲುಗಳಿಗೆ ಬೆವರು ಹರಿಯಿತು. ತೂತಿಗೆ ಜೋಡಿ ಹುಡುಕಲು ಮನೆ ಮುಂದಿನ ಬಾವಿಕಟ್ಟೆಯನ್ನು ಏಳು ಸುತ್ತು ಸುತ್ತಿದಳು. ಗಂಟಿಗೆ ‘ನಂಟು’ ಎಂದು ಮೊದಲು ಹೊಳೆಯಿತು. ಅದು ಡೋಲಿನವನಿಗೂ ಹೊಳೆಯಿತು. ಆದ್ದರಿಂದ ಬಿಟ್ಟಳು. ಹನ್ನೆರಡು ಮಂದಿ ಲುಂಗಿ ಎತ್ತಿ ಕಟ್ಟಿ ಅವಳ ಹಿಂದೆಯೇ ಸುತ್ತುತ್ತಾ, ಸಿಕ್ಕ ಸಿಕ್ಕ ಮಾತಿನ ಮೂಗು ಸೇರಿಸಿ ನೋಡುತ್ತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಸೋಲ್ಜರುಗಳು ನಿಂತು ನೋಡಿ, ಇದು ಯಾವ ದೇವರ ಪೂಜೆಯೋ ಎಂದು ಟೋಪಿ ತೆಗೆದು ನಿಂತರು.

ಸಂಜೆ ಅದೇ ಬೀದಿ. ತಾತ ಡಬ್ಬ ಬಡಿದರು. ಮಕ್ಕಳು ಓಡಿ ಬಂದರು, “ಇದೆ, ಇದೆ” ಎನ್ನುತ್ತಲೇ.

“ಕಳೆದುಹೋಗಿದೆ ನಮ್ಮ ಕತ್ತೆ...” ಎಂದು ಅಂಜಿನಿ ಶುರು ಮಾಡಿದಳು.

‘ಇದೆ’ ಎಂದು ಬಾಯಿ ತೆರೆದ ಮಕ್ಕಳು ಎಡವಿದರು. ಹಿಡಿದುಕೊಳ್ಳಲು ಬಾಲವೇ ಇರಲಿಲ್ಲ. ಗುಲ್ಷನ್ ಮಾತ್ರ ಬೇಗ ಸುಧಾರಿಸಿಕೊಂಡಳು. “ಮುಂದಿಂದು ಗೊತ್ತು ಬಿಡು. ಅತ್ತೆ.”

“ನಿನ್ನೆಯಿಂದ ಇಲ್ಲ ಪತ್ತೆ.”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾತ ಡಬ್ಬ ಬಡಿಯುವುದನ್ನು ನಿಲ್ಲಿಸಿದರು.

“ಎಡದ ಕಿವಿಯಲ್ಲಿ ದೊಡ್ಡ ತೂತು.
ಕೇಳುವುದಿಲ್ಲ ಯಾರ ಮಾತು.”

ಗೋವಿಂದಮ್ಮ ಒಳಗಿನಿಂದ ಮೊರ ಹಿಡಿದುಕೊಂಡೇ ಹೊರಗೆ ಬಂದರು.

“ಬೆನ್ನ ಮೇಲೆ ನೀಲಿ ಗಂಟು...”

“ನಂಟು” ಎಂದಿತು ಒಂದು ಮಗು.

“ಶ್, ಸುಮ್ನಿರೋ. ಅವಳು ಹೇಳ್ಲಿ” ಎಂದಳು ಗುಲ್ಷನ್.

“ಒಳಗೆ ಹನ್ನೆರಡು ಷರಾಯಿ ಉಂಟು.
ಕಂಡವರಿದ್ದರೆ ಹೇಳಿ ಬೇಗ,
ಬ್ಯಾಂಡಿನವರೆಲ್ಲ ಲುಂಗಿಯಲ್ಲಿ ಈಗ.”

ಬೀದಿಯೆಲ್ಲ ನಕ್ಕಿತು. ಗುಲ್ಷನ್ ನಗಲಿಲ್ಲ. ಅವಳ ಮುಖ ಸಣ್ಣಗಾಗಿತ್ತು.

“ಕೆಂಪು ಪಟ್ಟಿ ಇರೋ ಷರಾಯೀನಾ?” ಎಂದು ಮೆಲ್ಲಗೆ ಕೇಳಿದಳು.

“ಹೂಂ.”

“ಅದು ನಮ್ ಡಿಪೋ ಹಿಂದೆ ಕಟ್ಟಿದೆ. ಗಂಟಿಂದ ಇಣುಕ್ತಿದ್ದ ಪಟ್ಟಿ ನೋಡಿ ಮಿಲಿಟರಿ ಕತ್ತೆ ಅಂದ್ಕೊಂಡು ಅಬ್ಬಾ ನಿನ್ನೆಯಿಂದ ಯಾರ್ನೂ ಹತ್ರ ಬಿಟ್ಟಿಲ್ಲ. ಬೆಳಿಗ್ಗೆ ಎದ್ದು ಅದಕ್ಕೆ ಸೆಲ್ಯೂಟ್ ಬೇರೆ ಹೊಡೆದ್ರು.”

“ಮತ್ತೆ ಬೆಳಿಗ್ಗೆ ನಾನು ಅಷ್ಟು ಸಲ ಕೂಗಿದ್ನಲ್ಲ?”

“ಕೊನೆ ಮಾತು ಗೊತ್ತಿತ್ತಲ್ಲ. ಮಧ್ಯದ್ದು ಯಾರು ಕೇಳ್ತಾರೆ?” ಎಂದಳು ಗುಲ್ಷನ್. ಅವಳು ಅಣಕಿಸಲಿಲ್ಲ, ನಿಜವನ್ನೇ ಹೇಳಿದಳು.

ಎಲ್ಲರೂ ಡಿಪೋಗೆ ಓಡಿದರು. ಸೌದೆ ರಾಶಿಯ ಹಿಂದೆ ಕತ್ತೆ ಹಸಿರು ಹುಲ್ಲಿನ ಮುಂದೆ ದೊರೆಯಂತೆ ನಿಂತಿತ್ತು. ಹಬೀಬ್ ಸಾಬರು ಅದರ ಪಕ್ಕದಲ್ಲಿ ಕೋಲು ಹಿಡಿದು ಕಾವಲು ನಿಂತಿದ್ದರು. ಸರ್ಕಾರದ ಚೀಟಿ ತೋರಿಸದೆ ಕೊಡುವುದಿಲ್ಲ ಎಂದು ಪಟ್ಟು ಹಿಡಿದರು. ಸುದ್ದಿ ಕೇಳಿ ವಾಜಿದ್ ಸಾಬರ ಹಿಂದೆ ಲುಂಗಿಯುಟ್ಟ ಹನ್ನೊಂದು ಮಂದಿ, ಪರದೆಯುಟ್ಟ ಒಬ್ಬ ಸಾಲಾಗಿ ಒಳಗೆ ಬಂದ ಮೇಲೆ ಅವರಿಗೆ ನಂಬಿಕೆ ಬಂತು.

ಗಂಟು ಬಿಚ್ಚಿದರೆ ಹನ್ನೊಂದು ಷರಾಯಿ ಸರಿಯಾಗಿದ್ದವು. ಹನ್ನೆರಡನೆಯದರ ಒಂದು ಕಾಲನ್ನು ಕತ್ತೆ ಮೊಣಕಾಲವರೆಗೆ ತಿಂದಿತ್ತು. “ಡೋಲಿನವನಿಗೆ ಕೊಡಿ. ಮುಂದೆ ಡೋಲು ಇರುತ್ತೆ, ಕಾಣಲ್ಲ” ಎಂದರು ವಾಜಿದ್ ಸಾಬರು.

ಅಂಜಿನಿ ಕತ್ತೆಯ ಕುತ್ತಿಗೆಗೆ ಕೆನ್ನೆ ಒತ್ತಿದಳು. ತಾತ ಅವಳ ತಲೆ ಸವರಿದರು. ಆಗ ಅವಳಿಗೆ ನಿನ್ನೆಯಿಂದ ತಡೆದಿದ್ದ ಅಳುವೆಲ್ಲ ಒಟ್ಟಿಗೆ ಬಂತು. ಕತ್ತೆ ಅದನ್ನು ಲೆಕ್ಕಿಸದೆ ಹುಲ್ಲು ತಿಂದಿತು.

“ಕತ್ತೆ ಸಿಕ್ಕಿದ್ದಕ್ಕೂ ಒಂದು ಕಟ್ಟು” ಎಂದಳು ಗುಲ್ಷನ್, ಅವಳ ಮುಂದೆ ಸೌದೆಯ ಮೇಲೆ ಕುಳಿತು. ಉಳಿದ ಮಕ್ಕಳೂ ಕುಳಿತರು. ಹಬೀಬ್ ಸಾಬರು ಕೋಲು ಕೆಳಗಿಟ್ಟರು.

ಅಂಜಿನಿ ಮೂಗು ಒರೆಸಿಕೊಂಡಳು. “ಸೌದೆ ರಾಶಿಯ ಹಿಂದೆ ನಿಂತು...” ಎಂದಳು. ಮುಂದಿನ ಸಾಲಿಗೆ ‘ಹುಲ್ಲು ತಿಂದಿತು’ ಎಂಬುದು ನಾಲಿಗೆಯ ತುದಿಗೆ ತಾನಾಗೇ ಬಂದು ಕುಳಿತಿತು. ಆಮೇಲೆ ‘ಬಾಲ ಆಡಿಸಿತು’ ಬಂತು. ಹಿಂದೆಯೇ ಇನ್ನೂ ಹತ್ತು ಸಾಲುಗಟ್ಟಿ ನಿಂತಿದ್ದವು, ಎಲ್ಲಕ್ಕೂ ಅದೇ ಕೋಟು.

ಅವಳು ಎಲ್ಲವನ್ನೂ ನುಂಗಿಕೊಂಡಳು.

“ತಡಿ. ಇನ್ನೂ ಬಂದಿಲ್ಲ” ಎಂದಳು.

ಗುಲ್ಷನ್ ಬಾಯಿ ಅರ್ಧ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದಳು. ಯಾರೂ ಏನೂ ಕೂಗಲಿಲ್ಲ. ಯಾರೂ ಎದ್ದು ಹೋಗಲೂ ಇಲ್ಲ.