ಅಜ್ಜಿಯ ಟ್ರಂಕಿನ ಚಳಿಯೂರು

ಶಂಭು ಉಸಿರು ಬಿಗಿಹಿಡಿದು ಬಟ್ಟಲಿಗೆ ಬಗ್ಗಿದ್ದ. ನೀರಿನಲ್ಲಿ ಅಂಟು ಕರಗಿ, ಸ್ಟಾಂಪು ಕಾಗದವನ್ನು ಬಿಟ್ಟು ಮೆಲ್ಲಗೆ ತೇಲಿ ಬಂತು. ಅಂಚಿನ ಒಂದು ಹಲ್ಲೂ ಹರಿಯಲಿಲ್ಲ!

ಅದನ್ನು ಬೋರಲಾಗಿ ಹಳೆಯ ಪೇಪರಿನ ಮೇಲೆ ಒಣಗಲು ಹಾಕಿದ. ನಾಳೆ ಬಂಟ್ವಾಳದ ಶಾಲೆಯಲ್ಲಿ ಅವನ ಆಲ್ಬಮ್ಮಿನದೇ ಸುದ್ದಿ.

"ಎಂತ ಮಾಡ್ತಿದ್ದೀ ಮಗಾ?"

ಬಾಗಿಲಲ್ಲಿ ಅಮ್ಮಣ್ಣಿ ಅಜ್ಜಿ! ಅವರ ತಗಡಿನ ಟ್ರಂಕು ಬಾಯಿ ತೆರೆದು ಕೂತಿತ್ತು.

"ಅಯ್ಯೋ, ಅದು ನನ್ನ ಅಪ್ಪ ಕಳಿಸಿದ ಪಾರ್ಸೆಲಿನ ಕಾಗದ. ಅಪ್ಪನದ್ದು ಅಂತ ನನ್ನ ಹತ್ರ ಉಳಿದದ್ದು ಅದೊಂದೇ." ಎಂದರು ಅಜ್ಜಿ.

ಶಂಭು ಬಟ್ಟಲನ್ನು ಬದಿಗೆ ಸರಿಸಿದ. ಕೇಳದೆ ಮುಟ್ಟಬಾರದಿತ್ತು.

"ಏನು ಅಮ್ಮಣ್ಣಕ್ಕ, ಪುನಃ ನಿಮ್ಮ ಚಳಿಯೂರಿನ ಸುದ್ದಿಯಾ?" ಜಗಲಿಯಲ್ಲಿದ್ದ ಪಕ್ಕದ ಮನೆಯ ನೋಣಯ್ಯ ನಕ್ಕರು.

ಅಜ್ಜಿ ತೀರಾ ಚಿಕ್ಕವರಿದ್ದಾಗ, ಅಪ್ಪನನ್ನು ಹುಟ್ಟೂರಲ್ಲೇ ಬಿಟ್ಟು ಸಿಲೋನಿನಿಂದ ಬಂದವರು. ಹುಟ್ಟಿದ ಊರಿನ ಹೆಸರು ಅವರಿಗೆ ಗೊತ್ತಿಲ್ಲ. ಅಲ್ಲಿ ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು ಎನ್ನುತ್ತಿದ್ದರು. ನೋಣಯ್ಯ ಕೊಲಂಬೊದ ಹೋಟೆಲಿನಲ್ಲಿ ದುಡಿದು ಬಂದವರು. "ಅಲ್ಲಿ ಬೆವರು ಮಾತ್ರ ಉಂಟು!" ಎಂದು ತಮಾಷೆ ಮಾಡುತ್ತಿದ್ದರು. ಟ್ರಂಕಿನ ಮೇಲಿನ ಲೇಬಲಿನಲ್ಲೂ COLOMBO ಎಂದೇ ಇತ್ತು. ಮನೆಯವರೆಲ್ಲ ನಕ್ಕು ನಕ್ಕು, ಅಜ್ಜಿ ಆ ಮಾತನ್ನೇ ಬಿಟ್ಟಿದ್ದರು.

"ಮೊದಲಿನ ಹಾಗೇ ಅಂಟಿಸಿ ಕೊಡ್ತೇನೆ ಅಜ್ಜಿ" ಎಂದ ಶಂಭು.

ಕಾಗದ ಸುರುಳಿಕೊಳ್ಳದಂತೆ, ಟ್ರಂಕಿನಲ್ಲಿದ್ದ ಒಂದು ನಾಣ್ಯವನ್ನು ಅದರ ತುದಿಗೆ ಭಾರವಾಗಿ ಇಟ್ಟ. ನಮ್ಮ ಐದು ನಯಾಪೈಸೆಯ ಹಾಗೆ ಚೌಕ, ಆದರೆ ಮೇಲೆ ರಾಜನ ತಲೆ, CEYLON ಎಂಬ ಅಕ್ಷರ. ಮಗುಚಿ ನೋಡಿದರೆ ಸ್ಟಾಂಪಿನಲ್ಲೂ ಅದೇ ರಾಜ, ಅದೇ ಅಕ್ಷರ. ಅದರ ಮೇಲೆ ಅಂಚೆಯ ಕಪ್ಪು ಮುದ್ರೆ ಅರ್ಧ ಮಾತ್ರ ಬಿದ್ದಿತ್ತು. ಉಳಿದರ್ಧ ಕಾಗದದ ಮೇಲೆ.

ಶಂಭು ಸ್ಟಾಂಪನ್ನು ಕಾಗದದ ಮೇಲಿಟ್ಟು ಅತ್ತಿತ್ತ ಸರಿಸಿದ. ಎರಡು ಅರ್ಧಗಳೂ ಕೂಡಿ ಮುದ್ರೆ ದುಂಡಗಾಯಿತು. ಸುತ್ತಲೂ ಅಕ್ಷರಗಳು! ಅವನು ಒಂದೊಂದಾಗಿ ಓದಿದ. NUWARA... ELIYA.

"ಅಜ್ಜಿ, ಇದು ಕೊಲಂಬೊ ಅಲ್ಲ!"

ಅವನು ಓಡಿ ಹೋಗಿ ಶಾಲೆಯ ಅಟ್ಲಾಸ್ ತಂದ. ಕೊಲಂಬೊ ಕಡಲ ಬದಿಯಲ್ಲಿ, ಹಸಿರು ಬಣ್ಣದಲ್ಲಿತ್ತು. ನುವಾರ ಎಲಿಯಾ ದ್ವೀಪದ ನಡುವೆ, ಕಡು ಕಂದು ಬಣ್ಣದಲ್ಲಿ. "ಕಂದು ಅಂದ್ರೆ ಎತ್ತರದ ಬೆಟ್ಟ!"

ನೋಣಯ್ಯನ ನಗು ನಿಂತಿತು. "ನುವಾರ ಎಲಿಯಾವಾ? ಬೇಸಗೆಯಲ್ಲಿ ನಮ್ಮ ಧಣಿ ಅಲ್ಲಿಗೇ ಹೋಗ್ತಿದ್ದದ್ದು ಮಾರಾಯ! ಸ್ವೆಟರ್ ತಕ್ಕೊಂಡು!"

"ಹಾಗಾದ್ರೆ ಈ ಲೇಬಲ್?" ಶಂಭು ಕೇಳಿದ.

"ಹಡಗು ಹತ್ತುವುದು ಕೊಲಂಬೊದಲ್ಲಿ ಅಲ್ವಾ? ಲೇಬಲ್ ಅಂಟಿಸುವುದೂ ಅಲ್ಲೇ." ನೋಣಯ್ಯ ತಲೆ ಕೆರೆದುಕೊಂಡರು. "ನಾನು ಬೆಟ್ಟ ಹತ್ತಲೇ ಇಲ್ಲ, ಅಮ್ಮಣ್ಣಕ್ಕ. ಸುಮ್ಮನೆ ನಕ್ಕೆ."

ಅಜ್ಜಿ ದೊಡ್ಡದಾಗಿ ಉಸಿರುಬಿಟ್ಟರು. "ನಾನು ಹೇಳಿದ್ದು ಸುಳ್ಳಲ್ಲ ಅಲ್ವಾ ಮಗಾ?"

"ಅಲ್ಲ ಅಜ್ಜಿ."

ಶಂಭುವಿನ ಎದೆಯೂ ಹಗುರಾಯಿತು. ಒಣಗಿದ ಸ್ಟಾಂಪಿನ ಹಿಂದೆ ಅನ್ನದ ಅಗುಳು ಸವರಿ, ಮುದ್ರೆಯ ಗೆರೆಗಳು ಕೂಡುವಂತೆ ಹುಷಾರಾಗಿ ಅಂಟಿಸಿದ. ಆಲ್ಬಮ್ಮಿನಲ್ಲಿ ಅದಕ್ಕೆಂದು ಬಿಟ್ಟ ಜಾಗ ಹಾಗೇ ಖಾಲಿ ಉಳಿಯಿತು.

ಅವನು ಆಲ್ಬಮ್ಮನ್ನು ಮುಚ್ಚಿ ಅಜ್ಜಿಯ ಮಗ್ಗುಲಿಗೆ ಸರಿದು ಕೂತ.

"ಹುಲ್ಲು ಬೆಳ್ಳಗೆ ಆದಾಗ ಅದರ ಮೇಲೆ ನಡೀತಿದ್ರಾ ಅಜ್ಜಿ?"

"ನಡೀದೆ ಮತ್ತೆ? ಬರಿಗಾಲಲ್ಲಿ!" ಎಂದರು ಅಜ್ಜಿ. ಅವರು ಸೀರೆಯೊಳಗೆ ಕಾಲು ಎಳೆದುಕೊಂಡದ್ದನ್ನು ನೋಡಿ ಶಂಭುವೂ ತನ್ನ ಕಾಲು ಮಡಚಿಕೊಂಡ.