ಕನ್ನಡಕ ತೆಗೆದಿಟ್ಟ ಸಂಜೆ

"ಕನ್ನಡಕ ತೆಗಿಯೇ, ಬಂದ್ರು," ಎಂದಳು ಅಮ್ಮ.

ಅಕ್ಕ ಕನ್ನಡಕ ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡಳು. ಗೋಡೆ, ಕುರ್ಚಿ, ಅಪ್ಪ, ಎಲ್ಲವೂ ನೀರಿಗೆ ಬಿದ್ದ ಬಣ್ಣದಂತೆ ಹರಡಿಹೋದವು. ತನ್ನನ್ನು ನೋಡಿ ಬೇಡವೆಂದ ಒಬ್ಬನ ಮುಖವನ್ನೂ ಅವಳು ಸರಿಯಾಗಿ ಕಂಡವಳಲ್ಲ. ಅವಳ ಪಾಲಿಗೆ ಅವರೆಲ್ಲ ಒಂದೊಂದು ಮಸುಕು ಅಂಗಿ, ಅಷ್ಟೇ.

ತಂಗಿಯನ್ನು ಮಧ್ಯಾಹ್ನವೇ ಪಕ್ಕದ ಮನೆಗೆ ಸಾಗಹಾಕಿದ್ದರು. ಹಿಂದೊಮ್ಮೆ ಬಂದವರು ಅವಳು ಹಿತ್ತಲಿಂದ ಒಳಗೆ ಬಂದದ್ದನ್ನು ಕಂಡು, "ಚಿಕ್ಕವಳನ್ನ ಕೊಡೋದಾದ್ರೆ ಮುಂದುವರಿಯೋಣ" ಎಂದಿದ್ದರು. ಆಮೇಲಿನಿಂದ ಈ ಏರ್ಪಾಡು.

ಯಾರೂ ಮುಖಕ್ಕೆ ಹೊಡೆದಂತೆ ಬೇಡ ಎನ್ನುತ್ತಿರಲಿಲ್ಲ. "ಮನೇಲಿ ಮಾತಾಡಿ ತಿಳಿಸ್ತೀವಿ" ಎಂದು ಎದ್ದು ಹೋಗುತ್ತಿದ್ದರು. ಆಮೇಲೆ ಅಮ್ಮ ಫೋನನ್ನು ಸ್ನಾನದ ಮನೆಗೂ ಒಯ್ಯುವಳು. ಅಪ್ಪ ದಲ್ಲಾಳಿಗೆ ಏನೋ ನೆಪ ಹೇಳಿ ಫೋನ್ ಮಾಡುವನು. ಕಡೆಗೆ ದಲ್ಲಾಳಿಯ ಬಾಯಿಂದ ಕಾರಣ ಹೊರಬೀಳುವುದು. ಹುಡುಗಿ ಜೋರಾಗಿ ನಗ್ತಾಳಂತೆ. ಅಕ್ಕ ನಗು ಕಡಿಮೆ ಮಾಡಿದಳು. ಎತ್ತರ ಜಾಸ್ತಿಯಾಯ್ತಂತೆ. ಬೆನ್ನು ಬಾಗಿಸಿ ನಡೆಯತೊಡಗಿದಳು. ಬಣ್ಣ ಕಮ್ಮಿಯಂತೆ. ಇಷ್ಟದ ಹಳದಿ ಬಟ್ಟೆಗಳು ಪೆಟ್ಟಿಗೆಯ ತಳ ಸೇರಿದವು. ಬಂದುಹೋದವರೆಲ್ಲ ಅವಳಿಂದ ಏನಾದರೊಂದನ್ನು ಎತ್ತಿಕೊಂಡೇ ಹೋಗಿದ್ದರು. ಈಚೆಗೆ ಗಂಡಿನ ಫೋಟೋ ತೋರಿಸಿದರೂ "ನೀವು ನೋಡಿದ್ರಲ್ಲ, ಸಾಕು" ಎನ್ನುತ್ತಿದ್ದಳು.

ಈ ಸಲದ ಫೋಟೋ ನೋಡಿ ತಂಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. "ಏನೇ?" ಎಂದರೆ, "ಏನಿಲ್ಲಪ್ಪ" ಎಂದು ಓಡಿಹೋಗಿದ್ದಳು.

ಆ ನಗು ಮುಳ್ಳಿನಂತೆ ಒಳಗೇ ಉಳಿದಿತ್ತು. ಅಂಥದೇ ನಗುವನ್ನು ಅಕ್ಕ ಕನ್ನಡಕದ ಅಂಗಡಿಯಲ್ಲಿ ಕಂಡಿದ್ದಳು.

ಬೀಜ ಪರೀಕ್ಷೆಯ ಕೋಣೆಯಲ್ಲಿ ಒದ್ದೆ ಕಾಗದದ ಮೇಲೆ ಮೊಳೆತ ಬೀಜ, ಮೊಳೆಯದ ಬೀಜ ಬೇರ್ಪಡಿಸುವುದು ಅವಳ ಕೆಲಸ. ದಿನವಿಡೀ ಬಗ್ಗಿ ಕೂತು ಕನ್ನಡಕದ ಸ್ಕ್ರೂ ಸಡಿಲವಾಗುತ್ತಿತ್ತು. ಆಗದಿದ್ದರೆ ಉಗುರಿನಿಂದ ತಾನೇ ಸಡಿಲಿಸುತ್ತಿದ್ದಳು. ಅಂಗಡಿಯವನು ಬಿಗಿ ಮಾಡಿ, ಬಾಯಿಯ ಹಬೆ ಊದಿ ಒರೆಸಿ, ಕಿವಿಗೆ ಬೆರಳು ತಾಗದಂತೆ ತಾನೇ ತೊಡಿಸುತ್ತಿದ್ದ. "ಈಗ ಹೇಗೆ ಕಾಣ್ತಿದೀನಿ?" ಎನ್ನುತ್ತಿದ್ದ. ಅವಳು "ಪರವಾಗಿಲ್ಲ" ಎಂದರೆ, "ಅಷ್ಟೇನಾ?" ಎಂದು ಹುಬ್ಬು ಏರಿಸುತ್ತಿದ್ದ.

ಒಂದು ದಿನ ಕೆಲಸ ಮುಗಿಸಿ ಬರುವಾಗ, ಅದೇ ಅಂಗಡಿಯ ಗಾಜಿನಾಚೆ ತಂಗಿ. ಕೌಂಟರಿನ ಮೇಲೆ ಮೊಣಕೈ ಊರಿ ನಗುತ್ತಿದ್ದಾಳೆ. ಅಂಗಡಿಯವನೂ ಬಗ್ಗಿ ಏನೋ ಹೇಳುತ್ತಿದ್ದಾನೆ. ಅಕ್ಕ ಒಳಗೆ ಹೋಗದೆ ದಾಟಿ ನಡೆದಳು. ಕಂಡದ್ದಕ್ಕಿಂತ, 'ಮತ್ತೆ? ಇನ್ಯಾರನ್ನ ನೋಡ್ತಾನೆ?' ಎಂದು ತನ್ನ ಮನಸ್ಸೇ ಅಷ್ಟು ಬೇಗ ಒಪ್ಪಿಕೊಂಡದ್ದು ಹೆಚ್ಚು ನೋಯಿಸಿತು. ಆಮೇಲೆ ಸ್ಕ್ರೂ ಸಡಿಲವಾದರೆ ದಾರ ಸುತ್ತಿಕೊಂಡಳು.

ಈಗ ಎದುರಿನ ಕುರ್ಚಿಯಲ್ಲಿ ಒಂದು ನೀಲಿ ಅಂಗಿ ಕೂತಿತ್ತು. ಪಕ್ಕದಲ್ಲಿ ದಪ್ಪನೆಯ ಹೆಂಗಸಿನ ಆಕಾರ.

"ಇವನ ಅತ್ತಿಗೆ ನಾನು," ಎಂದಿತು ಆಕಾರ. "ಬಾಯಿ ಬಿಡೋ ಮಾರಾಯ. ಅಂಗಡೀಲಿ ಅಷ್ಟು ಮಾತಾಡ್ತೀಯ!"

ನೀಲಿ ಅಂಗಿ ಕೆಮ್ಮಿತು. "ದಾರ ಸುತ್ತಿದ್ರೆ ಫ್ರೇಮ್ ಹಾಳಾಗುತ್ತೆ."

ಆ ದನಿ! ಕನ್ನಡಕದ ಅಂಗಡಿಯವನದು. ತಂಗಿಯ ನಗು, ಫೋಟೋ, ಅಂಗಡಿಯ ಗಾಜು, ಎಲ್ಲ ಒಂದಕ್ಕೊಂದು ಕೂಡಿಕೊಂಡವು. ಇವನೂ ಚಿಕ್ಕವಳಿಗಾಗಿಯೇ ಬಂದಿದ್ದಾನೆ. ಬೇರೆಯವರ ಬಾಯಿಂದ ಕೇಳುವ ಮೊದಲು ತಾನೇ ಹೇಳಿಬಿಡುವುದು ಮೇಲು.

"ಅವಳು ಪಕ್ಕದ ಮನೇಲಿದಾಳೆ," ಎಂದಳು. "ಕರೀತೀನಿ, ಕೂತಿರಿ."

ಅಮ್ಮನ ಕೈಯ ತಟ್ಟೆ ಸದ್ದು ಮಾಡಿತು. ಅಕ್ಕ ಎದ್ದೇಬಿಟ್ಟಳು.

"ಯಾರನ್ನ ಕರೀತೀರಿ?" ಅವನೂ ಎದ್ದ. "ನಿಮ್ಮ ತಂಗೀನ ದಿನಾ ಕೇಳಿ ಕೇಳಿ ಸಾಕಾಗಿದೆ. ಅಕ್ಕ ಯಾಕೆ ಬರ್ತಿಲ್ಲ, ನನ್ನ ಮೇಲೆ ಕೋಪಾನಾ, ಅಂತ. 'ಕನ್ನಡಕಕ್ಕೆ ದಾರ ಸುತ್ಕೊಂಡಿದಾಳೆ' ಅಂತ ನಕ್ಕು ನಕ್ಕು ಸಾಯಿಸ್ತಾರೆ. ಕೊನೆಗೆ, 'ದಲ್ಲಾಳಿ ನಂಬರ್ ತಗೊಳ್ಳಿ, ತಲೆ ತಿನ್ಬೇಡಿ' ಅಂದ್ರು."

ಅಂಗೈಯಲ್ಲಿ ಕನ್ನಡಕ ಬೆವೆತಿತ್ತು.

"ಕೊಡಿ ಇಲ್ಲಿ," ಎಂದ ಅವನು, ದನಿ ತಗ್ಗಿಸಿ. ದಾರ ಬಿಚ್ಚಿ, ಹಬೆ ಊದಿ, ಅಂಗಿಯ ಅಂಚಿನಲ್ಲಿ ಒರೆಸಿದ. "ಹಾಕ್ಕೊಂಡು ನನ್ನನ್ನ ನೋಡಿ. ಬೇಡ ಅನ್ನೋದಾದ್ರೆ, ಈ ಸಲ ನೀವು ಅನ್ನಿ."

ಅವಳೇ ಹಾಕಿಕೊಂಡಳು. ಮಸುಕಿನೊಳಗಿಂದ ಒಂದು ಮುಖ ಮೇಲೆದ್ದಿತು. ಹಣೆಯ ಮೇಲೆ ಬೆವರು, ಗಲ್ಲದಲ್ಲಿ ಅವಸರದ ಕ್ಷೌರದ ಗೀರು. ಕಣ್ಣುಗಳು ಮಾತ್ರ ಅವಳ ಉತ್ತರಕ್ಕೆ ಜೋತುಬಿದ್ದಿದ್ದವು. ಅಮ್ಮ ಫೋನು ಹಿಡಿದು ಕಾಯುತ್ತಿದ್ದಳಲ್ಲ, ಹಾಗೆ.

ಅಕ್ಕ ಬೆನ್ನು ನೆಟ್ಟಗೆ ಮಾಡಿದಳು. ಅವನಿಗಿಂತ ಒಂದು ಬೆರಳು ಎತ್ತರವೇ ಇದ್ದಳು.

"ಮನೇಲಿ ಮಾತಾಡಿ ತಿಳಿಸ್ತೀವಿ," ಎಂದಳು.

ಅವನ ಮುಖ ಬಾಡಿತು. "ಯಾವಾಗ?"

"ದಾರ ಬಿಚ್ಚಿದ್ರಲ್ಲ, ಸ್ಕ್ರೂ ಬೀಳೋ ಹಾಗಿದೆ. ನಾಳೆ ಅಂಗಡಿಗೆ ಬರ್ತೀನಿ."

ಅತ್ತಿಗೆ ಮೊದಲು ನಕ್ಕಳು. ಆಮೇಲೆ ಅಕ್ಕ ನಕ್ಕಳು, ಪಕ್ಕದ ಮನೆಯ ಕಿಟಕಿ ತೆರೆದು ತಂಗಿ ಇಣುಕುವಷ್ಟು ಜೋರಾಗಿ.